ಏಳನೇ ತರಗತಿಯ ಗಾಳಿ ಲೆಕ್ಕ: ಚಿತ್ರದುರ್ಗದ ಒಂದು ಶಾಲೆಯ ಪ್ರಕರಣ

ಚಿತ್ರದುರ್ಗದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಜೂನ್ ತಿಂಗಳು, ಶಾಲೆ ಶುರುವಾಗಿ ಇನ್ನೂ ಹೆಚ್ಚು ದಿನ ಆಗಿಲ್ಲ. ಏಳನೇ ತರಗತಿಯಲ್ಲಿ ಆಗಲೇ ನೆಗಡಿ, ಕೆಮ್ಮು, ಜ್ವರ ಬೆಂಚಿನಿಂದ ಬೆಂಚಿಗೆ ಸುತ್ತುತ್ತಿದ್ದವು. ಹಳೆಯ ವಿದ್ಯಾರ್ಥಿಗಳು ಸೇರಿಕೊಂಡು ಏರ್ ಪ್ಯೂರಿಫೈಯರ್ ಕೊಡಿಸುತ್ತೇವೆ ಎಂದಿದ್ದರು. ಅದೇ ಹೊತ್ತಿಗೆ ರೋಗಾಣು ಕೊಲ್ಲುವ ಯುವಿ ದೀಪ ಮಾರುವವರೊಬ್ಬರು ಬಂದು ಕೊಟೇಶನ್ ಕೊಟ್ಟು ಹೋಗಿದ್ದರು. ಎಸ್‌ಡಿಎಂಸಿ ಸಭೆಗೆ ಮುಂಚೆ ಹೆಡ್ ಮೇಡಂ ನನ್ನನ್ನು ಕರೆಸಿ ಕೇಳಿದ್ದು ಒಂದೇ ಪ್ರಶ್ನೆ: ದುಡ್ಡು ಯಾವುದಕ್ಕೆ ಹಾಕೋಣ? ನಾನು ಭೌತಶಾಸ್ತ್ರ ಪಾಠ ಮಾಡುವವನು, ಅಳತೆಯ ಉಪಕರಣಗಳ ಬಳಕೆ ಇದೆ. ಮೊದಲು ಅಳೆಯೋಣ, ಆಮೇಲೆ ಕೊಳ್ಳೋಣ ಎಂದೆ.

ಕೊಠಡಿ 24 ಅಡಿ ಉದ್ದ, 20 ಅಡಿ ಅಗಲ, 11 ಅಡಿ ಎತ್ತರ. ಹತ್ತಿರ ಹತ್ತಿರ 150 ಘನ ಮೀಟರ್ ಗಾಳಿ. ಒಳಗೆ 48 ಮಕ್ಕಳು, ಒಬ್ಬರು ಟೀಚರ್. ಪಶ್ಚಿಮದ ಗೋಡೆಗೆ ಎರಡು ದೊಡ್ಡ ಕಿಟಕಿ, ಎದುರಿಗೆ ವರಾಂಡದ ಕಡೆ ಎರಡು, ಒಂದು ಬಾಗಿಲು, ಸೂರಿನ ಹತ್ತಿರ ನಾಲ್ಕು ವೆಂಟಿಲೇಟರ್. ಹಳೆಯ ಕಟ್ಟಡ, ಗಾಳಿ ಬೆಳಕು ಯೋಚಿಸಿಯೇ ಕಟ್ಟಿದ್ದಾರೆ. ಆದರೆ ನಾನು ಹೋದಾಗ ನಾಲ್ಕೂ ಕಿಟಕಿ ಮುಚ್ಚಿದ್ದವು. ವೆಂಟಿಲೇಟರುಗಳಿಗೆ ರಟ್ಟು ಬಡಿದಿದ್ದರು. ತೆರೆದಿದ್ದದ್ದು ಬಾಗಿಲು ಮಾತ್ರ.

ಗಾಳಿಯಲ್ಲಿ ವೈರಸ್ ಎಷ್ಟಿದೆ ಎಂದು ಶಾಲೆಯಲ್ಲಿ ಅಳೆಯಲು ಆಗುವುದಿಲ್ಲ. ಒಬ್ಬರು ಬಿಟ್ಟ ಉಸಿರು ಇನ್ನೊಬ್ಬರಿಗೆ ಎಷ್ಟು ಹೋಗುತ್ತಿದೆ ಎಂದು ಅಳೆಯಬಹುದು. ಅದಕ್ಕೆ ಕಾರ್ಬನ್ ಡೈಆಕ್ಸೈಡ್ ಮೀಟರ್ ಸಾಕು. ಹೊರಗಿನ ಗಾಳಿಯಲ್ಲಿ ಅದು ಸುಮಾರು 420 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ 420 ಪಾಲು ಇರುತ್ತದೆ. ಒಳಗೆ ಅದಕ್ಕಿಂತ ಜಾಸ್ತಿ ತೋರಿಸಿದ್ದೆಲ್ಲ ಮಕ್ಕಳ ಉಸಿರಿನಿಂದ ಬಂದದ್ದು. ಮೀಟರ್ ಕೊಳ್ಳುವಾಗ ಒಂದು ಎಚ್ಚರಿಕೆ ಬೇಕು. ತೀರಾ ಅಗ್ಗದ ಕೆಲವು ಮೀಟರುಗಳು ಕಾರ್ಬನ್ ಡೈಆಕ್ಸೈಡನ್ನು ಅಳೆಯುವುದೇ ಇಲ್ಲ. ಬೇರೆ ವಾಸನೆ, ಆವಿಗಳನ್ನು ಹಿಡಿದು ಅಂದಾಜಿನ ಅಂಕಿ ತೋರಿಸುತ್ತವೆ. ಪರೀಕ್ಷೆ ಸುಲಭ. ಹತ್ತಿರ ಒಂದು ತೊಟ್ಟು ಸ್ಯಾನಿಟೈಸರ್ ಕೈಗೆ ಹಚ್ಚಿ ನೋಡಿ. ಅಂಕಿ ಸಾವಿರಗಟ್ಟಲೆ ನೆಗೆದರೆ ಆ ಮೀಟರ್ ಬೇಡ. ಇನ್‌ಫ್ರಾರೆಡ್ ಸೆನ್ಸರ್ ಇರುವುದನ್ನೇ ಕೇಳಿ ತರಬೇಕು.

ಮೀಟರನ್ನು ಮಧ್ಯದ ಸಾಲಿನ ಬೆಂಚಿನ ಎತ್ತರಕ್ಕೆ, ಯಾರ ಬಾಯಿಗೂ ನೇರ ಸಿಗದ ಹಾಗೆ ಇಟ್ಟೆವು. ಬಿಸಿಯೂಟದ ಗಂಟೆ ಹೊಡೆಯುವ ಹೊತ್ತಿಗೆ ಅದು 3120 ತೋರಿಸುತ್ತಿತ್ತು. ಮಕ್ಕಳೆಲ್ಲ ಊಟಕ್ಕೆ ಹೋದರು. ಫ್ಯಾನ್ ಹಾಗೇ ಬಿಟ್ಟು, ಕಿಟಕಿ ಮುಟ್ಟದೆ, ಅಂಕಿ ಇಳಿಯುವುದನ್ನು ನೋಡುತ್ತ ಕೂತೆವು. 40 ನಿಮಿಷಕ್ಕೆ 1410ಕ್ಕೆ ಬಂತು.

ಈ ಇಳಿತದಲ್ಲೇ ಪೂರ್ತಿ ಲೆಕ್ಕ ಇದೆ. ಮೊದಲು ಎರಡೂ ಅಂಕಿಯಿಂದ ಹೊರಗಿನ 420 ಕಳೆಯಿರಿ. 2700 ಇದ್ದದ್ದು 990 ಆಗಿದೆ, ಅಂದರೆ ಮೊದಲಿನ ಶೇ. 37ಕ್ಕೆ ಇಳಿದಿದೆ. ಖಾಲಿ ಕೊಠಡಿಯಲ್ಲಿ ಹೆಚ್ಚುವರಿ ಪಾಲು ಶೇ. 37ಕ್ಕೆ ಇಳಿಯಲು ಎಷ್ಟು ಹೊತ್ತು ಬೇಕೋ, ಅಷ್ಟು ಹೊತ್ತಿನಲ್ಲಿ ಕೊಠಡಿಯ ಅಳತೆಯಷ್ಟು ಹೊಸ ಗಾಳಿ ಒಂದು ಸಲ ಒಳಗೆ ಬಂದಿದೆ ಎಂದರ್ಥ. ಇಲ್ಲಿ ಅದಕ್ಕೆ 40 ನಿಮಿಷ ಹಿಡಿಯಿತು. ಹಾಗಾದರೆ ಗಂಟೆಗೆ ಒಂದೂವರೆ ಸಲ ಗಾಳಿ ಬದಲಾಗುತ್ತಿದೆ. ಲಾಗರಿದಮ್ ಗೊತ್ತಿಲ್ಲದವರೂ ಈ ಪರೀಕ್ಷೆ ಮಾಡಬಹುದು, ಗಡಿಯಾರ ಇದ್ದರೆ ಆಯ್ತು.

ಒಂದೂವರೆ ಸಲ ಸಾಕೇ? ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2023ರಲ್ಲಿ ಗಂಟೆಗೆ ಕನಿಷ್ಠ 5 ಸಲ ಬದಲಾಗಲಿ ಎಂದು ಹೇಳಿತು. ತುಂಬಾ ಜನ ಈ ಐದನ್ನೇ ಹಿಡಿದುಕೊಂಡಿದ್ದಾರೆ. ನಮ್ಮ ಕೊಠಡಿಗಳಿಗೆ ಈ ಲೆಕ್ಕ ಸಾಲುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಾರಣ ಇಷ್ಟೇ: ಆ ಅಂಕಿ ಕೊಠಡಿಯನ್ನು ನೋಡುತ್ತದೆ, ತಲೆಗಳನ್ನು ಎಣಿಸುವುದಿಲ್ಲ. ಅಷ್ಟೇ ದೊಡ್ಡ ಕೊಠಡಿಯಲ್ಲಿ 20 ಮಕ್ಕಳಿದ್ದರೆ ಬೇರೆ, 48 ಮಕ್ಕಳಿದ್ದರೆ ಬೇರೆ, ಅಲ್ವಾ? ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಮಾರ್ಗಸೂಚಿ ತಲೆಯ ಮೇಲೆ ಹೋಗುತ್ತದೆ: ಒಬ್ಬರಿಗೆ ಸೆಕೆಂಡಿಗೆ 10 ಲೀಟರ್ ಹೊಸ ಗಾಳಿ. 49 ಜನಕ್ಕೆ 490 ಲೀಟರ್. ಗಂಟೆಗೆ ಸುಮಾರು 1760 ಘನ ಮೀಟರ್. ಅಂದರೆ ಈ ಕೊಠಡಿಯ ಗಾಳಿ ಗಂಟೆಗೆ ಹೆಚ್ಚುಕಡಿಮೆ 12 ಸಲ ಬದಲಾಗಬೇಕು. ಐದು ಸಲ ಬದಲಾದರೆ ಒಬ್ಬರಿಗೆ ಸಿಗುವುದು 4 ಲೀಟರಿನ ಆಸುಪಾಸು. ನಾವು ಅಳೆದ ಒಂದೂವರೆಯಲ್ಲಿ ಸಿಗುತ್ತಿದ್ದದ್ದು ಒಂದೂಕಾಲು ಲೀಟರ್.

ಈ ಒಂದು ಲೆಕ್ಕ ಬೋರ್ಡಿನ ಮೇಲೆ ಬರೆದ ಮೇಲೆ ಪ್ಯೂರಿಫೈಯರ್ ಚರ್ಚೆ ಅರ್ಧ ಮುಗಿಯಿತು. ದಾನಿಗಳು ತೋರಿಸಿದ ಮಾಡೆಲಿನ ಡಬ್ಬದ ಮೇಲೆ ಗಂಟೆಗೆ 350 ಘನ ಮೀಟರ್ ಶುದ್ಧ ಗಾಳಿ ಎಂದಿತ್ತು. ಈ ಅಂಕಿಯನ್ನು ಸಿಎಡಿಆರ್ ಎನ್ನುತ್ತಾರೆ, ಅದನ್ನು ಕೊಠಡಿಯ ಅಳತೆಯಿಂದ ಭಾಗಿಸಬೇಕು. ಏಳನೇ ತರಗತಿಯಲ್ಲಿ ಒಂದು ಮೆಷಿನ್ ಎರಡು ಚಿಲ್ಲರೆ ಸಲದ ಕೆಲಸ ಮಾಡುತ್ತದೆ, ಅದೂ ಪೂರ್ತಿ ಸ್ಪೀಡಿನಲ್ಲಿ. 12ಕ್ಕೆ ಮುಟ್ಟಿಸಲು ನಾಲ್ಕೈದು ಮೆಷಿನ್ ಬೇಕು. ಆ ಸದ್ದಿನಲ್ಲಿ ಪಾಠ ಕೇಳಿಸುವುದಿಲ್ಲ.

ಕಿಟಕಿಯಿಂದ 12 ಸಲ ಆಗುತ್ತಾ? ಆಗುತ್ತದೆ. ಪೆರು ದೇಶದ ಲಿಮಾ ನಗರದ ಆಸ್ಪತ್ರೆಗಳಲ್ಲಿ ಅಳೆದು 2007ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಕಿಟಕಿ ಬಾಗಿಲು ಪೂರ್ತಿ ತೆರೆದ ಕೊಠಡಿಗಳಲ್ಲಿ ಗಂಟೆಗೆ ಸುಮಾರು 28 ಸಲ ಗಾಳಿ ಬದಲಾಗುತ್ತಿತ್ತು. ದುಬಾರಿ ಯಂತ್ರ ಕೂರಿಸಿದ ಕೊಠಡಿಗಳಲ್ಲಿ ಆಗುತ್ತಿದ್ದದ್ದು 12 ಸಲ. ಎತ್ತರದ ಸೂರು, ದೊಡ್ಡ ಕಿಟಕಿ ಇದ್ದ ಹಳೆಯ ಕಟ್ಟಡಗಳೇ ಹೊಸ ಕಟ್ಟಡಗಳಿಗಿಂತ ಮುಂದಿದ್ದವು. ಚಿತ್ರದುರ್ಗದಲ್ಲಂತೂ ಗಾಳಿಗೆ ಬರ ಇಲ್ಲ. ಜೋಗಿಮಟ್ಟಿ ಕಡೆ ಗುಡ್ಡದ ಮೇಲೆ ಗಾಳಿಯಂತ್ರಗಳು ಸುಮ್ನೆ ನಿಂತಿಲ್ಲ.

ಹಾಗಿದ್ದರೆ ಕಿಟಕಿ ಯಾಕೆ ಮುಚ್ಚಿದ್ದರು? ಸುತ್ತೋಲೆಗಳು ‘ಕಿಟಕಿ ತೆರೆದಿಡಿ’ ಎಂದು ಬರೆದು ಮುಗಿಸುವುದು ಇಲ್ಲೇ. ನಾವು ಕಿಟಕಿಗಳನ್ನು ಒಂದೊಂದಾಗಿ ನೋಡಿದೆವು. ಪಶ್ಚಿಮದ ಎರಡೂ ಕಿಟಕಿಗಳಲ್ಲಿ ಕದ ತಡೆದು ನಿಲ್ಲಿಸುವ ಕಬ್ಬಿಣದ ಕೊಕ್ಕೆ ಮುರಿದಿತ್ತು. ಕೊಕ್ಕೆ ಇದ್ದ ಜಾಗದಲ್ಲಿ ಸೆಣಬಿನ ಹಗ್ಗದ ತುಂಡೊಂದು ನೇತಾಡುತ್ತಿತ್ತು, ಅದೂ ಸವೆದು ಹರಿದಿತ್ತು. “ಆಷಾಢದ ಗಾಳಿಗೆ ಕದ ಬಡ್ಕಂತಾವೆ ಸರ್, ಒಬ್ಬ ಹುಡುಗನ ಬೆರಳೇ ಸಿಕ್ಕಂಡಿತ್ತು, ಅವತ್ತಿಂದ ಚಿಲಕ ಹಾಕ್ಬಿಟ್ವಿ” ಎಂದರು ಕ್ಲಾಸ್ ಟೀಚರ್. ಮಳೆ ಬಂದರೆ ಎರಚಲು ಕಿಟಕಿ ಪಕ್ಕದ ಬೆಂಚಿಗೆ ಬೀಳುತ್ತದೆ. ಪುಸ್ತಕದ ಹಾಳೆ ಹಾರುತ್ತವೆ. ಮಧ್ಯಾಹ್ನದ ಬಿಸಿಲು ಬೋರ್ಡಿನ ಮೇಲೆ ಹೊಳೆಯುತ್ತದೆ. ವರಾಂಡದ ಕಡೆಯ ಒಂದು ಕಿಟಕಿಯನ್ನು ಬಣ್ಣ ಹೊಡೆಯುವಾಗ ಮುಚ್ಚಿಯೇ ಹೊಡೆದಿದ್ದರಿಂದ ಕದ ಚೌಕಟ್ಟಿಗೆ ಅಂಟಿತ್ತು. ವೆಂಟಿಲೇಟರಿಗೆ ರಟ್ಟು ಬಡಿದದ್ದು ಪಾರಿವಾಳದ ಕಾಟಕ್ಕೆ. ಇವೆಲ್ಲ ನಿಜವಾದ ತೊಂದರೆಗಳು. ಇವನ್ನು ಸರಿಮಾಡದೆ ತೆರೆಯಿರಿ ಎಂದರೆ ಎರಡು ದಿನ ತೆರೆದಿರುತ್ತವೆ, ಮೂರನೇ ದಿನ ಮತ್ತೆ ಚಿಲಕ ಬೀಳುತ್ತದೆ.

ದಾರಿ ಆ ಹಳೆಯ ಕಿಟಕಿಗಳಲ್ಲೇ ಇತ್ತು. ಅವು ನಾಲ್ಕು ಕದದ ಕಿಟಕಿಗಳು: ಮೇಲೆ ಒಂದು ಜೊತೆ, ಕೆಳಗೆ ಒಂದು ಜೊತೆ. ಕೆಳಗಿನ ಕದ ಮುಚ್ಚಿ ಮೇಲಿನದಷ್ಟೇ ತೆರೆದರೆ ಹಾಳೆ ಹಾರುವುದಿಲ್ಲ. ಮಕ್ಕಳ ಎದೆಗೆ ನೇರ ಚಳಿಗಾಳಿ ಬಡಿಯುವುದಿಲ್ಲ. ಮಳೆಯ ಎರಚಲನ್ನು ಸಜ್ಜಾ ಬಹುಪಾಲು ತಡೆಯುತ್ತದೆ. ಬಡಗಿಯನ್ನು ಕರೆಸಿ ಮೇಲಿನ ಎಂಟೂ ಕದಗಳಿಗೆ ಹೊಸ ಕೊಕ್ಕೆ ಹಾಕಿಸಿದೆವು. ಅಂಟಿದ್ದ ಕದವನ್ನು ಕೆತ್ತಿ ಬಿಡಿಸಿದರು. ವೆಂಟಿಲೇಟರಿನ ರಟ್ಟು ತೆಗೆದು ಪಾರಿವಾಳ ನುಗ್ಗದಷ್ಟು ಕಣ್ಣಿನ ತಂತಿ ಜಾಲರಿ ಬಡಿದರು. ಸೊಳ್ಳೆ ಪರದೆಯಷ್ಟು ಸಣ್ಣ ಕಣ್ಣಿನದು ಬೇಡ ಎಂದು ನಾನು ಹಟ ಹಿಡಿದೆ. ಅದು ಗಾಳಿಯನ್ನು ತಡೆಯುತ್ತದೆ, ಒಂದು ವರ್ಷದಲ್ಲಿ ದೂಳು ಕೂತು ಗೋಡೆಯೇ ಆಗಿಬಿಡುತ್ತದೆ. ಕೊಕ್ಕೆಗಳ ಎತ್ತರ ಮಾತ್ರ ಮಕ್ಕಳಿಗೆ ಸಿಗುವಂತಿರಲಿಲ್ಲ, ಬೆಳಿಗ್ಗೆ ಒಮ್ಮೆ ಟೀಚರ್ ತೆರೆದರೆ ಸಂಜೆವರೆಗೂ ಹಾಗೇ ಇರಲಿ ಎಂದು ಬೇಕಂತಲೇ ಮಾಡಿದ್ದು.

ಮತ್ತೆ ಅದೇ ಊಟದ ಹೊತ್ತಿನ ಪರೀಕ್ಷೆ. ಎರಡೂ ಕಡೆಯ ಮೇಲಿನ ಕದ ತೆರೆದು, ವೆಂಟಿಲೇಟರ್ ಬಿಟ್ಟು, ಸಾಧಾರಣ ಗಾಳಿ ಇದ್ದ ದಿನ ನೋಡಿದೆವು. ಶೇ. 37ಕ್ಕೆ ಇಳಿಯಲು ಐದೇ ನಿಮಿಷ ಹಿಡಿಯಿತು, ಅಂದರೆ ಗಂಟೆಗೆ 12 ಸಲ. ಪಾಠದ ಹೊತ್ತಿನಲ್ಲಿ ಮೀಟರ್ 800 ಮತ್ತು 900ರ ನಡುವೆ ಆಡುತ್ತಿತ್ತು. ಒಂದು ಬದಿಯ ಕಿಟಕಿ ಮಾತ್ರ ತೆರೆದು ನೋಡಿದಾಗ ಅಂಕಿ 1500 ದಾಟಿತು. ಗಾಳಿಗೆ ಬರಲು ಒಂದು ಬಾಯಿ ಇದ್ದಷ್ಟೇ ಹೋಗಲು ಇನ್ನೊಂದು ಬಾಯಿ ಬೇಕು. ವರಾಂಡದ ಕಡೆಯ ಕದಗಳು ಸದ್ದಿನ ನೆಪಕ್ಕೆ ಎಲ್ಲರಿಗಿಂತ ಮೊದಲು ಮುಚ್ಚಿಕೊಳ್ಳುತ್ತವೆ, ಅವನ್ನೇ ಕಾಯಬೇಕು.

ಡಿಸೆಂಬರ್ ಬೆಳಿಗ್ಗೆಯ ಚಳಿಗೆ ಏನು ಮಾಡುವುದು ಎಂದು ಮೇಡಂ ಕೇಳಿದರು. ಹೊರಗೆ ಚಳಿ, ಒಳಗೆ 48 ಮೈಗಳ ಬೆಚ್ಚಗೆ. ಬೆಚ್ಚನೆ ಗಾಳಿ ಮೇಲೇರಿ ವೆಂಟಿಲೇಟರಿನಿಂದ ತಾನೇ ಹೊರಗೆ ಹೋಗುತ್ತದೆ, ಅದು ಬಿಟ್ಟ ಜಾಗಕ್ಕೆ ಬಾಗಿಲಿನಿಂದ ಹೊಸದು ಬರುತ್ತದೆ. ಹಾಗಾಗಿ ಚಳಿಗಾಲದಲ್ಲಿ ಕದ ಅರ್ಧ ತೆರೆದರೂ ಕೆಲಸ ಆಗುತ್ತದೆ. ಮೀಟರ್ 1000ದ ಒಳಗಿದ್ದರೆ ಅಷ್ಟಕ್ಕೇ ಬಿಡಿ ಎಂದೆ.

ಹಾಗಂತ ಪ್ಯೂರಿಫೈಯರ್ ಬೇಡವೇ ಬೇಡ ಎಂದಲ್ಲ. ಶಾಲೆಯಲ್ಲಿ ಒಂದು ಸ್ಮಾರ್ಟ್ ಕ್ಲಾಸ್ ಕೊಠಡಿ ಇದೆ. ಪ್ರೊಜೆಕ್ಟರ್ ಕಾಣಲೆಂದು ಪರದೆ ಎಳೆದಿರುತ್ತಾರೆ, ಕಿಟಕಿ ಇರುವುದೂ ಒಂದೇ ಕಡೆ. ಸುಮಾರು 107 ಘನ ಮೀಟರಿನ ಕೊಠಡಿ. ದಾನಿಗಳ ಮೆಷಿನ್ ಅಲ್ಲಿಗೆ ಹೋಯಿತು. ಕೆಲವು ವಾರ ಬಿಟ್ಟು ನೋಡಿದಾಗ ಅದು ಬೀರುವಿನ ಹಿಂದೆ ಗೋಡೆಗೆ ಒತ್ತಿ ಕೂತಿತ್ತು, ‘ಆಟೊ’ದಲ್ಲಿ ಸದ್ದಿಲ್ಲದೆ ಓಡುತ್ತಿತ್ತು. ಆಟೊದಲ್ಲಿ ಮೆಷಿನ್ ನೋಡುವುದು ದೂಳನ್ನು. ಕೆಮ್ಮಿನಲ್ಲಿ ಬರುವ ವೈರಸ್ಸಿನ ಹನಿಗಳು ಅದರ ಸೆನ್ಸರಿಗೆ ಲೆಕ್ಕಕ್ಕೇ ಬರುವಷ್ಟಿರುವುದಿಲ್ಲ. ದೂಳಿಲ್ಲದ ದಿನ ಅದು ನಿದ್ದೆ ಮಾಡುತ್ತದೆ, ಅಂದೇ ಕೊಠಡಿಯಲ್ಲಿ ಜ್ವರದ ಮಗು ಕೂತಿರಬಹುದು.

ನಿಜವಾಗಿ ಎಷ್ಟು ಕೆಲಸ ಮಾಡುತ್ತದೆ ಎಂದು ಅಳೆಯಲು ಊದುಬತ್ತಿ ಸಾಕು. ರಜೆಯ ದಿನ ಖಾಲಿ ಕೊಠಡಿಯಲ್ಲಿ ಎರಡು ಊದುಬತ್ತಿ ಹಚ್ಚಿ, ಹೊಗೆ ಹರಡಿದ ಮೇಲೆ ಆರಿಸಿ, ಫ್ಯಾನ್ ಹಾಕಿ, ದೂಳು ಅಳೆಯುವ ಸಣ್ಣ ಮೀಟರನ್ನು ಮಕ್ಕಳ ಬೆಂಚಿನ ಮೇಲೆ ಇಟ್ಟೆವು. ಮೆಷಿನ್ನಿನ ಮೇಲೆ ಕಾಣುವ ಅಂಕಿಯನ್ನು ನಂಬಬಾರದು, ಅದು ತನ್ನ ಮೂಗಿನ ಹತ್ತಿರದ ಗಾಳಿಯನ್ನಷ್ಟೇ ನೋಡುತ್ತದೆ. ಲೆಕ್ಕ ಮೊದಲಿನದೇ: ಹೊರಗಿನ ದೂಳು ಕಳೆದು, ಶೇ. 37ಕ್ಕೆ ಇಳಿಯುವ ಹೊತ್ತು. ಮೆಷಿನ್ ಇಲ್ಲದೆ ಒಂದು ಗಂಟೆ ಹಿಡಿಯಿತು. ಅಂದರೆ ಗಂಟೆಗೆ ಒಂದು ಸಲದಷ್ಟು ತಾನಾಗೇ ಸೋರಿ, ಕೆಳಗೆ ಕೂತು ಕಡಿಮೆಯಾಗುತ್ತದೆ. ಮೆಷಿನ್ ಸಣ್ಣ ಸ್ಪೀಡಿನಲ್ಲಿದ್ದಾಗ 40 ನಿಮಿಷ. ತಾನಾಗೇ ಆಗುವುದನ್ನು ಕಳೆದರೆ ಮೆಷಿನ್ನಿನ ಪಾಲು ಅರ್ಧ ಸಲ. ಬೀರುವಿನ ಹಿಂದಿನಿಂದ ತಂದು ಕೊಠಡಿಯ ನಡುಗೋಡೆಗೆ, ಸುತ್ತ ಒಂದಡಿ ಜಾಗ ಬಿಟ್ಟು ಇಟ್ಟು, ಪೂರ್ತಿ ಸ್ಪೀಡ್ ಕೊಟ್ಟಾಗ 16 ನಿಮಿಷ. ಪಾಲು ಎರಡೂಮುಕ್ಕಾಲು ಸಲ, ಗಂಟೆಗೆ ಸುಮಾರು 295 ಘನ ಮೀಟರ್. ಡಬ್ಬದ ಮೇಲಿನ 350ಕ್ಕಿಂತ ಕಡಿಮೆ, ಆದರೂ ಮೋಸ ಅಲ್ಲ. ಮುಂಭಾಗದ ಜಾಲರಿಗೆ ಸೀಮೆಸುಣ್ಣದ ಪುಡಿ ಬಿಳಿ ಪದರವಾಗಿ ಅಂಟಿತ್ತು. ಅದನ್ನು ವಾರಕ್ಕೊಮ್ಮೆ ಬ್ರಷ್ಷಿನಿಂದ ತೆಗೆಯುವ ಕೆಲಸವನ್ನು ಈಗ ಗುಂಪು ಹಾಕಿ ಮಕ್ಕಳಿಗೇ ಹಂಚಿದ್ದಾರೆ.

ಇನ್ನೊಂದು ಗೊಂದಲವನ್ನೂ ಬಿಡಿಸಬೇಕಾಯಿತು. ಮೆಷಿನ್ ಹಾಕಿದರೂ ಕಾರ್ಬನ್ ಡೈಆಕ್ಸೈಡ್ ಅಂಕಿ ಇಳಿಯಲಿಲ್ಲ, ಕೆಟ್ಟಿದೆಯಾ ಎಂದು ಕೇಳಿದರು. ಇಳಿಯುವುದೇ ಇಲ್ಲ. ಮೆಷಿನ್ನಿನ ಒಳಗಿನ ಹೆಪಾ ಫಿಲ್ಟರ್ ಹಿಡಿಯುವುದು ಕಣಗಳನ್ನು, ಅನಿಲವನ್ನಲ್ಲ. ಆ ಕೊಠಡಿಯಲ್ಲಿ ಕಾರ್ಬನ್ ಡೈಆಕ್ಸೈಡ್ 1800 ಇದ್ದರೂ ವೈರಸ್ಸಿನ ಅಪಾಯ ಆ ಅಂಕಿ ಹೇಳುವಷ್ಟು ಇರುವುದಿಲ್ಲ. ಆದರೆ ಮಕ್ಕಳ ತೂಕಡಿಕೆಗೆ, ಉಸಿರುಗಟ್ಟಿದ ಹಾಗಾಗುವುದಕ್ಕೆ ಪ್ಯೂರಿಫೈಯರಿನಲ್ಲಿ ಮದ್ದಿಲ್ಲ. ಅದಕ್ಕೆ ಅಲ್ಲಿಯೂ ಪರದೆಯನ್ನು ಕಿಟಕಿಯ ಕೆಳಭಾಗಕ್ಕಷ್ಟೇ ಕಟ್ಟಿ ಮೇಲಿನ ಕದ ತೆರೆದಿಟ್ಟೆವು.

ಯುವಿ ದೀಪದ ಕೊಟೇಶನ್ನಿಗೆ ಬರುತ್ತೇನೆ. ಇದರ ಹಿಂದೆ ಒಳ್ಳೆಯ ಚರಿತ್ರೆ ಇದೆ. 1937ರಿಂದ ಅಮೆರಿಕದ ಫಿಲಡೆಲ್ಫಿಯಾದ ಶಾಲೆಗಳಲ್ಲಿ ವಿಲಿಯಂ ವೆಲ್ಸ್ ಎಂಬ ವಿಜ್ಞಾನಿ ಕೊಠಡಿಯ ಮೇಲ್ಭಾಗದ ಗಾಳಿಗೆ ಮಾತ್ರ ಯುವಿ ಬೀಳುವಂತೆ ದೀಪ ಕೂರಿಸಿದರು. 1941ರ ದಡಾರ ಹಾವಳಿಯಲ್ಲಿ ಆ ತರಗತಿಗಳಲ್ಲಿ ರೋಗ ಬಹಳ ಕಡಿಮೆ ಹರಡಿತು. ಆಮೇಲೆ ನ್ಯೂಯಾರ್ಕ್ ರಾಜ್ಯದ ಹಳ್ಳಿ ಶಾಲೆಗಳಲ್ಲಿ ಅದೇ ಪ್ರಯೋಗ ಮಾಡಿದಾಗ ಅಂಥ ಫಲ ಕಾಣಲಿಲ್ಲ. ಅಲ್ಲಿನ ಮಕ್ಕಳು ಒಂದೇ ಬಸ್ಸಿನಲ್ಲಿ ಒತ್ತಾಗಿ ಕೂತು ಬರುತ್ತಿದ್ದರು, ಶಾಲೆಯಲ್ಲಿ ತಪ್ಪಿದ್ದು ಬಸ್ಸಿನಲ್ಲಿ ಅಂಟಿರಬೇಕು ಎಂಬುದು ಅದಕ್ಕೆ ಕೊಡುವ ವಿವರಣೆ. ನಮ್ಮ ಆಟೊ, ಟ್ಯೂಶನ್, ಹಾಸ್ಟೆಲ್ ನೆನೆಸಿಕೊಂಡರೆ ಇದು ದೂರದ ಮಾತಲ್ಲ.

ಕೊಟೇಶನ್ನಿನಲ್ಲಿದ್ದದ್ದು ಇಂಥ ದೀಪ ಅಲ್ಲ. ಬರೀ ಟ್ಯೂಬು, ಮುಚ್ಚಿಗೆ ಇಲ್ಲ. ರಾತ್ರಿ ಖಾಲಿ ಕೊಠಡಿಯಲ್ಲಿ ಒಂದು ಗಂಟೆ ಉರಿಸಿದರೆ ‘ಕೊಠಡಿ ಶುದ್ಧ’ ಎಂಬ ಮಾತು. ಬೆಳಿಗ್ಗೆ ಹತ್ತಕ್ಕೆ ಕೊಠಡಿಯ ಗಾಳಿ ಹೇಗೂ ಶುದ್ಧವೇ ಇರುತ್ತದೆ, ಸೋಂಕು ಬರುವುದು ಮಕ್ಕಳ ಜೊತೆಗೆ. ಅವರು ಕೂತಿದ್ದಾಗ ಕೆಲಸ ಮಾಡದ ದೀಪದಿಂದ ನೆಗಡಿ ನಿಲ್ಲುವುದಿಲ್ಲ. ಅವರು ಕೂತಿದ್ದಾಗ ಯಾರಾದರೂ ತಪ್ಪಿ ಸ್ವಿಚ್ ಒತ್ತಿದರೆ ಇನ್ನೂ ಕಷ್ಟ. 254 ನ್ಯಾನೋಮೀಟರ್ ತರಂಗಾಂತರದ ಈ ಬೆಳಕು ಬಿದ್ದ ಕ್ಷಣ ಏನೂ ಅನಿಸುವುದಿಲ್ಲ. ಕೆಲವು ಗಂಟೆ ಕಳೆದ ಮೇಲೆ ಕಣ್ಣಿಗೆ ಮರಳು ಹೊಕ್ಕಂತೆ ಉರಿ, ನೀರು ಶುರುವಾಗುತ್ತದೆ. ಸ್ವಿಚ್ಚಿನ ಬೋರ್ಡು ಮಕ್ಕಳ ಕೈಗೆಟುಕುವ ಎತ್ತರದಲ್ಲಿತ್ತು.

ನಿಜವಾದ ಮೇಲ್ಭಾಗದ ಯುವಿ ಬೇಕೆಂದರೆ ಏನೇನು ಕೇಳಬೇಕು ಎಂದು ಮೇಡಂಗೆ ಬರೆದುಕೊಟ್ಟೆ. ದೀಪ ಏಳಡಿಗಿಂತ ಮೇಲೆ ಇರಬೇಕು, ಬೆಳಕು ಅಡ್ಡಪಟ್ಟಿಗಳ ನಡುವಿಂದ ಅಡ್ಡಡ್ಡಕ್ಕೆ ಮಾತ್ರ ಹೊರಡಬೇಕು, ಕೆಳಕ್ಕೆ ಬೀಳಬಾರದು. ದಕ್ಷಿಣ ಆಫ್ರಿಕಾದ ಕ್ಷಯರೋಗ ಆಸ್ಪತ್ರೆಯಲ್ಲಿ ಫಲ ಕಂಡ ಪ್ರಯೋಗದ ಪ್ರಕಾರ ಪ್ರತಿ ಘನ ಮೀಟರಿಗೆ 15ರಿಂದ 20 ಮಿಲಿವ್ಯಾಟ್ ಯುವಿ ಬೇಕು. ನಮ್ಮ ಏಳನೇ ತರಗತಿಗೆ ಅದು ಎರಡೂಕಾಲರಿಂದ ಮೂರು ವ್ಯಾಟ್. ಇದು ಟ್ಯೂಬಿನ ಮೇಲೆ ಬರೆದ ವ್ಯಾಟ್ ಅಲ್ಲ, ಪಟ್ಟಿಗಳನ್ನು ದಾಟಿ ಕೊಠಡಿಗೆ ಬರುವ ಯುವಿ. ಪಟ್ಟಿಗಳು ಬಹುಪಾಲನ್ನು ನುಂಗಿಬಿಡುತ್ತವೆ, ಆದ್ದರಿಂದ ಎರಡು ಅಂಕಿಗೂ ಅಜಗಜಾಂತರ. ಕೆಳಗಿನ ಗಾಳಿ ಮೇಲಕ್ಕೆ ಹೋಗಿ ಬರಲು ಫ್ಯಾನ್ ತಿರುಗುತ್ತಲೇ ಇರಬೇಕು. ಕೂರಿಸಿದ ಮೇಲೆ ನಿಂತವರ ಕಣ್ಣಿನ ಎತ್ತರದಲ್ಲಿ ಮೀಟರ್ ಹಿಡಿದು ಅಳೆಯಬೇಕು. ಎಂಟು ಗಂಟೆ ಅಲ್ಲೇ ಇರುವವರಿಗೆ ಮಿತಿ ಚದರ ಸೆಂಟಿಮೀಟರಿಗೆ 0.2 ಮೈಕ್ರೋವ್ಯಾಟ್. ಮಾರುವವರ ಹತ್ತಿರ ಹೊರಬರುವ ಯುವಿಯ ಅಂಕಿಯೂ ಇರಲಿಲ್ಲ, ಅಳೆಯುವ ಮೀಟರೂ ಇರಲಿಲ್ಲ. ಎಸ್‌ಡಿಎಂಸಿ ಆ ಕೊಟೇಶನ್ ವಾಪಸ್ ಕಳಿಸಿತು. ಕಿಟಕಿಯೇ ಇಲ್ಲದ ಕೊಠಡಿ, ಕ್ಷಯರೋಗದ ವಾರ್ಡು ಇಂಥ ಕಡೆ ಈ ದೀಪಕ್ಕೆ ನಿಜವಾದ ಜಾಗ ಇದೆ. ಈ ಶಾಲೆಯಲ್ಲಿ ಅಂಥ ಕೊಠಡಿ ಇಲ್ಲ.

ಕಾಯಿಲೆ ಕಡಿಮೆ ಆಯ್ತಾ ಎಂದು ಎಲ್ಲರೂ ಕೇಳುತ್ತಾರೆ. ಒಂದು ತರಗತಿಯ ಹಾಜರಿ ಪುಸ್ತಕದಿಂದ ಅದನ್ನು ಹೇಳಲು ಬರುವುದಿಲ್ಲ. ಫ್ಲೂ ಒಂದು ವರ್ಷ ಜೋರು, ಒಂದು ವರ್ಷ ಮೆತ್ತಗೆ. ಮಕ್ಕಳು ಗೈರಾಗುವುದು ಜಾತ್ರೆಗೂ, ಬಿತ್ತನೆಗೂ ಇರುತ್ತದೆ. ದೊಡ್ಡ ಅಂದಾಜು ಬೇಕೆಂದರೆ ಅಮೆರಿಕದ ಜಾರ್ಜಿಯಾ ರಾಜ್ಯದ 169 ಪ್ರಾಥಮಿಕ ಶಾಲೆಗಳನ್ನು 2020ರ ಕೊನೆಯಲ್ಲಿ ನೋಡಿದ ಅಧ್ಯಯನ ಇದೆ. ಕಿಟಕಿ, ಬಾಗಿಲು, ಫ್ಯಾನಿನಿಂದ ಗಾಳಿಯಾಡಿಸಿದ ಶಾಲೆಗಳಲ್ಲಿ ಕೋವಿಡ್ ಶೇ. 35 ಕಡಿಮೆ, ಅದರ ಜೊತೆ ಫಿಲ್ಟರಿನಂಥದ್ದನ್ನೂ ಬಳಸಿದ ಕಡೆ ಶೇ. 48 ಕಡಿಮೆ ಕಂಡಿತ್ತು. ಅದೂ ಹೋಲಿಸಿ ನೋಡಿದ್ದು, ಚೀಟಿ ಎತ್ತಿ ಹಂಚಿದ ಪ್ರಯೋಗ ಅಲ್ಲ. ಪಕ್ಕದಲ್ಲೇ ಕೂತವನು ಮುಖಕ್ಕೆ ಕೆಮ್ಮಿದರೆ ಕಿಟಕಿ, ಮೆಷಿನ್, ದೀಪ ಮೂರೂ ಏನೂ ಮಾಡಲಾರವು. ಹಿಂದಿನ ಬೆಂಚಿನಿಂದ ಮುಂದಿನ ಬೆಂಚಿಗೆ ತೇಲಿ ಬರುವುದನ್ನಷ್ಟೇ ಅವು ತಡೆಯುತ್ತವೆ. ಜ್ವರ ಬಂದ ಮಗುವನ್ನು ಮನೆಯಲ್ಲೇ ಇರಿಸಿ ಎಂದು ಹೇಳುವುದನ್ನು ಮೇಡಂ ಬಿಟ್ಟಿಲ್ಲ.

ಉಳಿದದ್ದು ಮಾರ್ಚ್ ತಿಂಗಳ ತೊಂದರೆ. ಗಾಳಿ ಬಿದ್ದುಹೋದ ಮಧ್ಯಾಹ್ನಗಳಲ್ಲಿ ಎಲ್ಲ ಕದ ತೆರೆದರೂ ಏಳನೇ ತರಗತಿಯ ಮೀಟರ್ 1600ರ ಹತ್ತಿರ ನಿಲ್ಲುತ್ತಿತ್ತು. ಒಳಗೂ ಹೊರಗೂ ಒಂದೇ ಸೆಕೆ ಇದ್ದಾಗ ಗಾಳಿಯನ್ನು ನೂಕುವವರು ಯಾರೂ ಇಲ್ಲ, ಸೀಲಿಂಗ್ ಫ್ಯಾನ್ ಇದ್ದದ್ದನ್ನೇ ಕಲಸುತ್ತದೆ. ಎರಡನೇ ಪ್ಯೂರಿಫೈಯರಿಗೆ ಎತ್ತಿಟ್ಟಿದ್ದ ದುಡ್ಡಿನಲ್ಲಿ ಸ್ವಲ್ಪ ತೆಗೆದು ವರಾಂಡದ ಕಡೆಯ ಒಂದು ವೆಂಟಿಲೇಟರಿಗೆ 12 ಇಂಚಿನ ಎಕ್ಸಾಸ್ಟ್ ಫ್ಯಾನ್ ಹಾಕಿಸಿದರು, ಎದುರಿನ ಪಶ್ಚಿಮದ ಕದ ತೆರೆದಿರಬೇಕು ಎಂಬ ಚೀಟಿ ಅಂಟಿಸಿ. ಗಾಳಿ ಇಲ್ಲದ ದಿನ ಅದನ್ನು ಹಾಕಿದರೆ ಮೀಟರ್ 1100ರ ಆಸುಪಾಸಿಗೆ ಬರುತ್ತದೆ. 850 ಅಲ್ಲ. ಅದಕ್ಕೆ ಇಳಿಸಬೇಕೆಂದರೆ ಇನ್ನೊಂದು ಎಕ್ಸಾಸ್ಟ್ ಬೇಕು, ಇಲ್ಲವೇ ತರಗತಿಯನ್ನು ಎರಡು ವಿಭಾಗ ಮಾಡಬೇಕು. ಎರಡನೆಯದಕ್ಕೆ ಇನ್ನೊಬ್ಬ ಟೀಚರ್ ಬೇಕು, ಆ ಅರ್ಜಿ ಇಲಾಖೆಗೆ ಹೋಗಿದೆ.